ಒಟ್ಟು ತೂಕ ಸರಿಯಿತ್ತು, ಕಂಬಿಗಳ ಲೆಕ್ಕ ತಪ್ಪಿತ್ತು: ಒನ್-ವೇ ಸ್ಲ್ಯಾಬಿನಲ್ಲಿ ನನ್ನ ಅನುಭವ

ನಾನು ಸೈಟಿನ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ಒಂದು ಕೋಣೆಯ ಸ್ಲ್ಯಾಬಿಗೆ ಬಾರ್ ಬೆಂಡಿಂಗ್ ಶೆಡ್ಯೂಲ್, ಅಂದರೆ ಯಾವ ಕಂಬಿ ಎಷ್ಟು ಉದ್ದದ್ದು, ಎಷ್ಟು ಬೇಕು ಎಂಬ ಪಟ್ಟಿಯನ್ನು ತಯಾರಿಸಿದ್ದೆ. ಕೋಣೆಯ ಒಳ ಅಳತೆ 3000 ಮಿ.ಮೀ. ಮತ್ತು 7000 ಮಿ.ಮೀ.; ಸುತ್ತಲೂ 230 ಮಿ.ಮೀ. ದಪ್ಪದ ಗೋಡೆಗಳು, ಸ್ಲ್ಯಾಬು ನಾಲ್ಕೂ ಗೋಡೆಗಳ ಪೂರ್ತಿ ಅಗಲಕ್ಕೆ ಕೂರುವಂತಿದ್ದುದರಿಂದ ಅದರ ಹೊರ ಅಳತೆ 3460 × 7460 ಮಿ.ಮೀ. ಆಗುತ್ತಿತ್ತು. ಉದ್ದವು ಅಗಲದ ಎರಡರಷ್ಟಕ್ಕಿಂತ ಹೆಚ್ಚಾಗಿದ್ದುದರಿಂದ ಭಾರವೆಲ್ಲ ಬಹುಮಟ್ಟಿಗೆ ಅಗಲದ ದಿಕ್ಕಿನಲ್ಲೇ ಉದ್ದದ ಎರಡು ಗೋಡೆಗಳಿಗೆ ಹೋಗುತ್ತದೆ, ಅಂದರೆ ಇದು ಒನ್-ವೇ ಸ್ಲ್ಯಾಬು. ನಕ್ಷೆಯಲ್ಲಿ ಮುಖ್ಯ ಕಂಬಿ 10 ಮಿ.ಮೀ., 150 ಮಿ.ಮೀ. ಅಂತರ, ಅದಕ್ಕೆ ಅಡ್ಡಲಾಗಿ ಬರುವ ಡಿಸ್ಟ್ರಿಬ್ಯೂಷನ್ ಕಂಬಿ 8 ಮಿ.ಮೀ., 200 ಮಿ.ಮೀ. ಅಂತರ, ಕಂಬಿಯ ಹೊರಗೆ ಉಳಿಯಬೇಕಾದ ಕಾಂಕ್ರೀಟಿನ ಹೊದಿಕೆ, ಅಂದರೆ ಕವರ್, 20 ಮಿ.ಮೀ. ಎಂದು ಬರೆದಿತ್ತು.

ಸೂತ್ರ ನನಗೆ ಗೊತ್ತಿತ್ತು. ಅಳತೆಯಿಂದ ಎರಡೂ ತುದಿಗಳಲ್ಲಿ ಬಿಡುವ ಜಾಗವನ್ನು ಕಳೆದು, ಉಳಿದದ್ದನ್ನು ಅಂತರದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿ, ಒಂದನ್ನು ಕೂಡಿಸಬೇಕು. ಭಾಗಿಸಿದಾಗ ಸಿಗುವುದು ಕಂಬಿಗಳ ನಡುವಿನ ಅಂತರಗಳ ಸಂಖ್ಯೆ. ಕಂಬಿಗಳು ಅದಕ್ಕಿಂತ ಯಾವಾಗಲೂ ಒಂದು ಹೆಚ್ಚು. ತುದಿಯಲ್ಲಿ 20 ಮಿ.ಮೀ. ಕವರ್ ಮತ್ತು 10 ಮಿ.ಮೀ. ಕಂಬಿಯ ಅರ್ಧ ದಪ್ಪ ಸೇರಿ 25 ಮಿ.ಮೀ. ಬಿಡಬೇಕೆಂದು ತೆಗೆದುಕೊಂಡೆ. 8 ಮಿ.ಮೀ. ಕಂಬಿಗೆ ಇದು 24 ಆಗುತ್ತದೆ, ಆದರೆ ಆ ಒಂದು ಮಿಲಿಮೀಟರಿಗೆ ಬೇರೆ ಲೆಕ್ಕ ಮಾಡುವ ಅಗತ್ಯವಿಲ್ಲ.

ಇಷ್ಟೆಲ್ಲ ತಿಳಿದಿದ್ದೂ ನಾನು ಮಾಡಿದ ತಪ್ಪು ಹೀಗಿತ್ತು. ಮುಖ್ಯ ಕಂಬಿ ಅಗಲದ ದಿಕ್ಕಿನಲ್ಲಿ ಮಲಗುತ್ತದೆಯೆಂಬುದು ತಲೆಯಲ್ಲಿ ಕೂತಿದ್ದುದರಿಂದ ಅದರ ಉದ್ದಕ್ಕೂ ಸಂಖ್ಯೆಗೂ ಅಗಲವನ್ನೇ ಬಳಸಿದೆ. ಕಂಬಿಯ ಉದ್ದ 3460ರಲ್ಲಿ 40 ಕಳೆದು 3420 ಮಿ.ಮೀ., ಇದು ಸರಿ. ಆದರೆ ಸಂಖ್ಯೆಗೂ 3460ರಲ್ಲಿ 50 ಕಳೆದು 150ರಿಂದ ಭಾಗಿಸಿ, 22.73 ಬಂದದ್ದನ್ನು 23ಕ್ಕೆ ಏರಿಸಿ, ಒಂದು ಕೂಡಿಸಿ 24 ಎಂದು ಬರೆದೆ. ಡಿಸ್ಟ್ರಿಬ್ಯೂಷನ್ ಕಂಬಿಗೂ ಇದೇ ಗತಿಯಾಯಿತು: ಉದ್ದ 7420 ಮಿ.ಮೀ. ಸರಿಯಾಗಿಯೇ ಬಂತು, ಸಂಖ್ಯೆ ಮಾತ್ರ 7410ನ್ನು 200ರಿಂದ ಭಾಗಿಸಿ 39 ಆಯಿತು.

ಶೆಡ್ಯೂಲನ್ನು ಕಳುಹಿಸುವ ಮುನ್ನ ನಾನು ತಾಳೆ ನೋಡದೆ ಇರಲಿಲ್ಲ. ಮೀಟರಿಗೆ 10 ಮಿ.ಮೀ. ಕಂಬಿ 0.617 ಕೆ.ಜಿ., 8 ಮಿ.ಮೀ. ಕಂಬಿ 0.395 ಕೆ.ಜಿ. ಎಂದು ಹಿಡಿದು ಒಟ್ಟು ತೂಕ ತೆಗೆದಾಗ 165 ಕೆ.ಜಿ. ಬಂತು, ಅಂದರೆ ಚದರ ಮೀಟರಿಗೆ 6.4 ಕೆ.ಜಿ. ಹಿಂದಿನ ಇಂಥದೇ ಸ್ಲ್ಯಾಬುಗಳಿಗೂ ಹೆಚ್ಚುಕಡಿಮೆ ಅಷ್ಟೇ ಬಂದಿದ್ದುದರಿಂದ ನನಗೂ ನನ್ನ ಮೇಲಿನವರಿಗೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಶಟರಿಂಗ್ ಮೇಲೆ. ಕಂಬಿ ಕಟ್ಟುವ ಮೇಸ್ತ್ರಿ ಹಲಗೆಯ ಮೇಲೆ ಸೀಮೆಸುಣ್ಣದಿಂದ 150 ಮಿ.ಮೀ.ಗೊಂದು ಗುರುತು ಹಾಕುತ್ತಾ, ಕತ್ತರಿಸಿಟ್ಟ ಮುಖ್ಯ ಕಂಬಿಗಳನ್ನು ಒಂದೊಂದಾಗಿ ಇಡುತ್ತಾ ಹೋದರು. ಇಪ್ಪತ್ತನಾಲ್ಕನೆಯದು ತುದಿಯಿಂದ 3475 ಮಿ.ಮೀ. ದೂರದಲ್ಲಿ ಕೂತಿತು, ಅಂದರೆ ಸ್ಲ್ಯಾಬಿನ ನಡುಭಾಗಕ್ಕೂ ಇನ್ನೊಂದು ಗೇಣು ಬಾಕಿ ಇತ್ತು. “ಸಾರ್, ಕಂಬಿ ಅರ್ಧಕ್ಕೇ ಮುಗೀತಲ್ಲ, ಉಳಿದದ್ದು ಇನ್ನೊಂದು ಲೋಡಿನಲ್ಲಿ ಬರುತ್ತಾ?” ಎಂದು ಅವರು ಕೇಳಿದಾಗ ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ, ನಿಜಕ್ಕೂ ಬರಬಹುದೆಂದೇ ಅವರು ಭಾವಿಸಿದ್ದರು. ಪಕ್ಕದಲ್ಲಿ 8 ಮಿ.ಮೀ. ಕಂಬಿಯ 39 ತುಂಡುಗಳಿದ್ದವು, ಅವುಗಳಲ್ಲಿ ಇಪ್ಪತ್ತಕ್ಕೆ ಜಾಗವೇ ಇರಲಿಲ್ಲ.

ಅಲ್ಲೇ ಕೂತು ಲೆಕ್ಕವನ್ನು ಮತ್ತೆ ಮಾಡಿದೆ. ಮುಖ್ಯ ಕಂಬಿಗಳು ಅಗಲಕ್ಕೆ ಮಲಗಿದರೂ ಒಂದರ ಪಕ್ಕ ಒಂದರಂತೆ ಸಾಲಾಗುವುದು ಉದ್ದದ ದಿಕ್ಕಿನಲ್ಲಿ, ಹಾಗಾಗಿ ಅವುಗಳ ಸಂಖ್ಯೆಗೆ 7460 ಬೇಕು. 7460ರಲ್ಲಿ 50 ಕಳೆದರೆ 7410. 150ರಿಂದ ಭಾಗಿಸಿದರೆ 49.4, ಏರಿಸಿದರೆ 50 ಅಂತರಗಳು, 51 ಕಂಬಿಗಳು. ಡಿಸ್ಟ್ರಿಬ್ಯೂಷನ್ ಕಂಬಿಗಳು ಸಾಲಾಗುವುದು ಅಗಲದ ದಿಕ್ಕಿನಲ್ಲಿ: 3410ನ್ನು 200ರಿಂದ ಭಾಗಿಸಿದರೆ 17.05, ಏರಿಸಿದರೆ 18 ಅಂತರಗಳು, 19 ಕಂಬಿಗಳು. ಸ್ಪ್ರೆಡ್‌ಶೀಟಿನಲ್ಲಿ ಇವನ್ನು ನಾನು ಈಗ ಹೀಗೆ ಬರೆಯುತ್ತೇನೆ, ಎಲ್ಲ ಅಳತೆಗಳೂ ಮಿಲಿಮೀಟರಿನಲ್ಲಿ:

```
=ROUNDUP((7460-2*25)/150,0)+1
=ROUNDUP((3460-2*25)/200,0)+1
```

ನಂತರ ಕುತೂಹಲಕ್ಕೆ ಸರಿಯಾದ ಲೆಕ್ಕದ ತೂಕವನ್ನೂ ತೆಗೆದೆ. ಮುಖ್ಯ ಕಂಬಿ ಸುಮಾರು 108 ಕೆ.ಜಿ., ಡಿಸ್ಟ್ರಿಬ್ಯೂಷನ್ 56 ಕೆ.ಜಿ., ಒಟ್ಟು 163 ಕೆ.ಜಿ.ಯ ಆಸುಪಾಸು. ನನ್ನ ತಪ್ಪು ಲೆಕ್ಕದಲ್ಲಿ ಇವು 51 ಮತ್ತು 114 ಆಗಿದ್ದವು. ದಿಕ್ಕು ಅದಲುಬದಲಾದಾಗ ಮುಖ್ಯ ಕಂಬಿಯಲ್ಲಿ ಎಷ್ಟು ಕಡಿಮೆಯಾಯಿತೋ ಹೆಚ್ಚುಕಡಿಮೆ ಅಷ್ಟೇ ಡಿಸ್ಟ್ರಿಬ್ಯೂಷನ್ ಕಂಬಿಯಲ್ಲಿ ಹೆಚ್ಚಾಗಿ, ಒಟ್ಟು ಮೊತ್ತ ಎರಡು ಕಿಲೋ ಕೂಡ ಬದಲಾಗಿರಲಿಲ್ಲ. ಉದ್ದದ ಕಂಬಿಗಳು ಹೆಚ್ಚಾಗಿ, ಗಿಡ್ಡ ಕಂಬಿಗಳು ಕಡಿಮೆಯಾಗುವ ಈ ತಪ್ಪಿನಲ್ಲಿ ಎರಡೂ ಕಡೆಯ ವ್ಯತ್ಯಾಸಗಳು ಒಂದನ್ನೊಂದು ಮುಚ್ಚಿಹಾಕುತ್ತವೆ. ನನ್ನ ಅಳತೆಗಳಲ್ಲಿ ಬಹುಪಾಲು ಪೂರ್ತಿಯಾಗಿ ಮುಚ್ಚಿಹಾಕಿದ್ದವು. ಮುಖ್ಯ ಕಂಬಿ ಅರ್ಧಕ್ಕಿಂತ ಕಡಿಮೆಯಿದ್ದ ಶೆಡ್ಯೂಲು ಒಟ್ಟು ತೂಕದ ತಾಳೆಯಲ್ಲಿ ಪಾಸಾಗಿತ್ತು.

ಅಂದಿನಿಂದ ನಾನು ಒಟ್ಟು ತೂಕವನ್ನು ನಂಬದೆ ಎರಡು ಜಾತಿಯ ಕಂಬಿಗಳನ್ನೂ ಬೇರೆ ಬೇರೆಯಾಗಿ, ಕಂಬಿಗಳನ್ನು ಎಣಿಸದೆಯೇ ತಾಳೆ ನೋಡುತ್ತೇನೆ. ಪ್ರತಿಯೊಂದು ಕಂಬಿಯೂ ಒಂದು ಅಂತರದಷ್ಟು ಅಗಲದ ಪಟ್ಟಿಯನ್ನು ತನ್ನದಾಗಿಸಿಕೊಂಡಿದೆ ಎಂದುಕೊಂಡರೆ, ಸ್ಲ್ಯಾಬಿನ ವಿಸ್ತೀರ್ಣವನ್ನು ಅಂತರದಿಂದ ಭಾಗಿಸಿದಾಗ ಆ ಜಾತಿಯ ಕಂಬಿಗಳ ಒಟ್ಟು ಉದ್ದ ಸಿಗಬೇಕು, ಮತ್ತು ಈ ಲೆಕ್ಕಕ್ಕೆ ದಿಕ್ಕಿನ ಹಂಗೇ ಇಲ್ಲ. ನನ್ನ ಸ್ಲ್ಯಾಬಿನ ವಿಸ್ತೀರ್ಣ 25.81 ಚದರ ಮೀಟರ್. ಅದನ್ನು 0.15ರಿಂದ ಭಾಗಿಸಿದರೆ 172 ಮೀಟರ್. 51 ಕಂಬಿಗಳು, ತಲಾ 3.42 ಮೀಟರಿನಂತೆ 174.4 ಮೀಟರ್. ನನ್ನ ಮೊದಲಿನ 24 ಕಂಬಿಗಳು ಕೇವಲ 82 ಮೀಟರ್ ಆಗುತ್ತಿದ್ದವು. 0.2ರಿಂದ ಭಾಗಿಸಿದರೆ 129 ಮೀಟರ್. 19 ಕಂಬಿಗಳು 141 ಮೀಟರ್, ಆದರೆ ಮೊದಲಿನ 39 ಕಂಬಿಗಳು 289 ಮೀಟರ್. ಈ ತಾಳೆಯನ್ನು ನಾನು ಮೊದಲೇ ನೋಡಿದ್ದರೆ ತಪ್ಪು ಅಡಗಲು ಜಾಗವೇ ಇರುತ್ತಿರಲಿಲ್ಲ. ಏರಿಸುವುದರಿಂದಲೂ ಒಂದನ್ನು ಕೂಡಿಸುವುದರಿಂದಲೂ ಎಣಿಕೆಯ ಉದ್ದ ಸಾಮಾನ್ಯವಾಗಿ ವಿಸ್ತೀರ್ಣದ ಉದ್ದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಸಾಲಾಗುವ ದಿಕ್ಕು ಚಿಕ್ಕದಾದಷ್ಟೂ ಆ ಹೆಚ್ಚಳ ಎದ್ದು ಕಾಣುತ್ತದೆ.

ಡಿಸ್ಟ್ರಿಬ್ಯೂಷನ್ ಕಂಬಿಯ 17.05 ಬಗ್ಗೆ ಒಂದು ಮಾತು. ಇದನ್ನು 17ಕ್ಕೆ ಇಳಿಸಿ 18 ಕಂಬಿ ಇಟ್ಟರೆ ಅಂತರ 200.6 ಮಿ.ಮೀ. ಆಗುತ್ತದೆ, ಮತ್ತು ಸೀಮೆಸುಣ್ಣದ ಗೆರೆಯೇ ಆ 0.6ಕ್ಕಿಂತ ದಪ್ಪವಾಗಿರುತ್ತದೆ. ಹಾಗೆ ಇಟ್ಟವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೂ ಶೆಡ್ಯೂಲಿನಲ್ಲಿ ನಾನು 19 ಎಂದೇ ಬರೆಯುತ್ತೇನೆ, ಏಕೆಂದರೆ ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಬಾರದು ಎಂದು ವಿವರಿಸಲು ಆ ಹಾಳೆಯ ಜೊತೆಗೆ ನಾನು ಹೋಗುವುದಿಲ್ಲ. ಮುಖ್ಯ ಕಂಬಿಯ 49.4ನ್ನು ಇಳಿಸಿದರೆ ಅಂತರ 151.2 ಆಗಿ ನಕ್ಷೆಯ ಮಿತಿಯನ್ನು ದಾಟುತ್ತದೆ. ಅಲ್ಲಿ ಏರಿಸುವುದೇ ಸರಿ. ಸೈಟಿನಲ್ಲಿ ಯಾರೂ 148.2ಕ್ಕೆ ಗುರುತು ಹಾಕುವುದಿಲ್ಲ. ಒಂದು ತುದಿಯಿಂದ 150ರಂತೆ ಬಂದು, ಕೊನೆಯ ಕಂಬಿಯನ್ನು ಉಳಿದ 60 ಮಿ.ಮೀ. ಅಂತರದಲ್ಲಿ ಇಡುತ್ತಾರೆ, ಅದರಿಂದ ತೊಂದರೆಯೇನೂ ಇಲ್ಲ.

ತುದಿಯಲ್ಲಿ ಬಿಡುವ ಜಾಗದ ವಿಷಯದಲ್ಲಿ ಎಷ್ಟು ಬಿಡಬೇಕೆಂಬುದಕ್ಕಿಂತ ಎಲ್ಲಿಂದ ಬಿಡಬೇಕೆಂಬುದೇ ಲೆಕ್ಕವನ್ನು ಹೆಚ್ಚು ಬದಲಿಸುತ್ತದೆ. ಗೋಡೆಯ ಮೇಲೆ ಕೂತ ಸ್ಲ್ಯಾಬಿನಲ್ಲಿ ಜಾಲ ಹೊರ ಅಂಚಿನವರೆಗೂ ಹೋಗುತ್ತದೆ, ಆದ್ದರಿಂದ ನಾನು ಹೊರ ಅಂಚಿನಿಂದ 25 ಮಿ.ಮೀ. ಬಿಟ್ಟೆ. ಇದೇ ಕೋಣೆಯ ಸುತ್ತ ಗೋಡೆಯ ಬದಲು ಬೀಮುಗಳಿದ್ದು, ಸ್ಲ್ಯಾಬು ಅವುಗಳ ಜೊತೆಗೇ ಎರಕವಾಗುವುದಾದರೆ, ತುದಿಯ ಬೀಮಿಗೆ ಸಮಾನಾಂತರವಾದ ಮುಖ್ಯ ಕಂಬಿಯನ್ನು ಬೀಮಿನ ಒಳಗೆ ಇಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಬೀಮಿನದೇ ಕಂಬಿಗಳಿರುತ್ತವೆ. ಆಗ ಮೊದಲ ಕಂಬಿಯನ್ನು ಬೀಮಿನ ಒಳಮುಖದಿಂದ, ಉದಾಹರಣೆಗೆ ನಕ್ಷೆಯಲ್ಲಿ 50 ಮಿ.ಮೀ. ಎಂದಿದ್ದರೆ ಅಷ್ಟು ಬಿಟ್ಟು ಇಡಬೇಕು. 7000ದಲ್ಲಿ 100 ಕಳೆದರೆ 6900, 150ರಿಂದ ಭಾಗಿಸಿದರೆ ಸರಿಯಾಗಿ 46, ಕಂಬಿಗಳು 47. ಕೋಣೆ ಒಂದೇ, ಅಂತರವೂ ಒಂದೇ, ಆದರೂ 51 ಮತ್ತು 47ರ ನಡುವೆ ನಾಲ್ಕು ಕಂಬಿಗಳ ವ್ಯತ್ಯಾಸ. ಕಂಬಿಯ ಉದ್ದ ಮಾತ್ರ ಇಲ್ಲಿ ಒಳಮುಖಕ್ಕೆ ನಿಲ್ಲುವುದಿಲ್ಲ, ಅದು ಬೀಮಿನೊಳಗೆ ಹೋಗಲೇಬೇಕು. ಆದ್ದರಿಂದ ಉದ್ದಕ್ಕೂ ಸಂಖ್ಯೆಗೂ ಒಂದೇ ತುದಿಯಿಂದ ಅಳೆಯುವಂತಿಲ್ಲ. ವಿಸ್ತೀರ್ಣದ ತಾಳೆಯನ್ನೂ ಇಲ್ಲಿ ಕಂಬಿ ನಿಜವಾಗಿ ಹರಡುವ ಪ್ರದೇಶಕ್ಕೆ ಮಾತ್ರ ಹಾಕಬೇಕು.

ನನ್ನ ಶೆಡ್ಯೂಲಿನಲ್ಲಿ ಈಗ ‘ಸ್ಪ್ಯಾನ್’ ಎಂಬ ಒಂದೇ ಕಾಲಂ ಇಲ್ಲ. ‘ಕಂಬಿ ಮಲಗುವ ಅಳತೆ’ ಮತ್ತು ‘ಕಂಬಿ ಸಾಲಾಗುವ ಅಳತೆ’ ಎಂದು ಎರಡು ಕಾಲಂಗಳಿವೆ. ಮೊದಲನೆಯದರಿಂದ ಉದ್ದ, ಎರಡನೆಯದರಿಂದ ಸಂಖ್ಯೆ. ತುದಿ ಜಾಗದ ಪಕ್ಕದಲ್ಲಿ ‘ಹೊರ ಅಂಚು’ ಅಥವಾ ‘ಬೀಮಿನ ಒಳಮುಖ’ ಎಂದೂ ಬರೆದಿರುತ್ತೇನೆ. ಸ್ಲ್ಯಾಬಿನ ಮೇಲ್ಭಾಗದಲ್ಲಿ, ಆಧಾರಗಳ ಬಳಿ ಬರುವ ಕಂಬಿಗಳನ್ನು ಹಿಡಿಯಲು ಬೇಕಾದ ಡಿಸ್ಟ್ರಿಬ್ಯೂಷನ್ ಕಂಬಿಗಳನ್ನು ಬೇರೆ ಸಾಲಿನಲ್ಲಿ ಎಣಿಸುತ್ತೇನೆ, ಏಕೆಂದರೆ ಮೇಲಿನ ಲೆಕ್ಕವೆಲ್ಲ ಕೆಳಗಿನ ಜಾಲಕ್ಕೆ ಮಾತ್ರ ಸಲ್ಲುತ್ತದೆ.

ವಿಸ್ತೀರ್ಣದ ತಾಳೆ ಹಿಡಿಯಲಾಗದ ತಪ್ಪು ಒಂದಿದೆ: ಕೂಡಿಸಬೇಕಾದ ಆ ಒಂದನ್ನು ಮರೆಯುವುದು. 51ರ ಬದಲು 50 ಎಂದು ಬರೆದರೆ ಉದ್ದ 171 ಮೀಟರ್ ಆಗುತ್ತದೆ, ವಿಸ್ತೀರ್ಣದಿಂದ ಬಂದ 172ಕ್ಕೆ ಅದು ಇನ್ನೂ ಹತ್ತಿರವಾಗಿ, ಸರಿಯಾದ ಲೆಕ್ಕಕ್ಕಿಂತ ಸರಿಯಾಗಿ ಕಾಣುತ್ತದೆ. ಅದಕ್ಕೆ ನಾನು ಶಟರಿಂಗ್ ಮೇಲೆ ಕಂಬಿ ಏರುವ ಮೊದಲು ಸೀಮೆಸುಣ್ಣದ ಗುರುತುಗಳನ್ನು ಮೊದಲನೆಯದನ್ನೂ ಕೊನೆಯದನ್ನೂ ಸೇರಿಸಿ ಒಮ್ಮೆ ಎಣಿಸಿ, ಕತ್ತರಿಸಿಟ್ಟ ತುಂಡುಗಳ ಸಂಖ್ಯೆಯೊಂದಿಗೆ ಹೋಲಿಸುತ್ತೇನೆ.