ಸ್ವಾಪ್ ಚಿಲ್ಲರೆ ಕಾಸಲ್ಲ: ಯೂರೋ ಲಾಂಗನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವವರಿಗೆ ನನ್ನ ಲೆಕ್ಕ

‘ಸ್ವಾಪ್ ಅಂದರೆ ಚಿಲ್ಲರೆ ಕಾಸು, ಸ್ಪ್ರೆಡ್ ನೋಡಿಕೊ, ಸಾಕು’ ಅನ್ನುವವರೇ ಇಲ್ಲಿ ದುಬೈನ ನಮ್ಮ ಟ್ರೇಡಿಂಗ್ ಬಳಗದಲ್ಲಿ ಹೆಚ್ಚು. ಸ್ಪ್ರೆಡ್ ಅಂದರೆ ಕೊಳ್ಳುವ, ಮಾರುವ ಬೆಲೆಗಳ ನಡುವಿನ ಅಂತರ. ಸ್ವಾಪ್ ಅಂದರೆ ಪೊಸಿಷನ್ ರಾತ್ರಿ ದಾಟಿದಾಗ ಬೀಳುವ ಅಥವಾ ಸಿಗುವ ಬಡ್ಡಿ. ಒಂದೆರಡು ಗಂಟೆ ಪೊಸಿಷನ್ ಇಟ್ಟು ಮುಚ್ಚುವವರಿಗೆ ಆ ಮಾತು ಸರಿ. ಎರಡು ಮೂರು ತಿಂಗಳು ಹಿಡಿಯುವವನಿಗೆ ಸ್ಪ್ರೆಡ್ಡೇ ಚಿಲ್ಲರೆ, ಸ್ವಾಪೇ ದೊಡ್ಡ ಖರ್ಚು. ಬ್ರೋಕರ್ ಹಾಕುವ ಸ್ವಾಪ್‌ನಲ್ಲಿ ನಿಜವಾದ ಬಡ್ಡಿ ಎಷ್ಟು, ಅವನ ಲಾಭ ಎಷ್ಟು ಅಂತ ಬಿಡಿಸಿ, ಆ ಲಾಭದ ಭಾಗವನ್ನು ಕೊಡದೆ ತಪ್ಪಿಸಿಕೊಳ್ಳುವ ದಾರಿಯನ್ನು ನಾನು ಕೆಲವು ಕಾಲದಿಂದ ಬಳಸುತ್ತಿದ್ದೇನೆ. ಆಗಲ್ಲ ಅಂದವರಲ್ಲಿ ಇಬ್ಬರು ಈಗ ಅದನ್ನೇ ಮಾಡುತ್ತಿದ್ದಾರೆ. ಇಷ್ಟು ಜಂಭ ಸಾಕು, ಲೆಕ್ಕಕ್ಕೆ ಬರೋಣ.

ಮೊದಲೇ ಒಂದು ಮಾತು. ಇದು ಹೊರದೇಶದಲ್ಲಿದ್ದು ಅಲ್ಲಿನ ಕಾನೂನಿನಡಿ ಟ್ರೇಡ್ ಮಾಡುವವರಿಗೆ. ಭಾರತದ ನಿವಾಸಿಗಳು ವಿದೇಶಿ ಬ್ರೋಕರ್ ಬಳಿ ಮಾರ್ಜಿನ್ ಮೇಲೆ ಫಾರೆಕ್ಸ್ ಆಡುವುದಕ್ಕೆ ಫೆಮಾದಲ್ಲಿ ಅವಕಾಶವಿಲ್ಲ. ಆರ್‌ಬಿಐ ಅನುಮತಿ ಇಲ್ಲದ ವೇದಿಕೆಗಳ ಪಟ್ಟಿಯನ್ನೇ ಹೊರಡಿಸಿದೆ. ಎನ್‌ಎಸ್‌ಇಯ ಡಾಲರ್-ರೂಪಾಯಿ ಫ್ಯೂಚರ್ಸ್‌ನಲ್ಲಿ ರಾತ್ರಿಯ ಸ್ವಾಪ್ ಅನ್ನುವುದೇ ಇಲ್ಲ. ಅದು ಪ್ರೀಮಿಯಂ ಆಗಿ ಬೆಲೆಯೊಳಗೇ ಕೂತಿರುತ್ತದೆ. ಅದರ ಅರ್ಥ ಕೆಳಗೆ ಬರುತ್ತದೆ.

ಲೆಕ್ಕಕ್ಕೆ 2024ರ ಮೊದಲ ತಿಂಗಳುಗಳನ್ನು ತೆಗೆದುಕೊಳ್ಳುತ್ತೇನೆ. ಅಮೆರಿಕದ ಫೆಡ್ ದರ 5.25ರಿಂದ 5.50, ಯೂರೋ ವಲಯದ ಕೇಂದ್ರ ಬ್ಯಾಂಕ್ ಇಸಿಬಿಯ ಡೆಪಾಸಿಟ್ ದರ 4.00. ಮಾರುಕಟ್ಟೆಯ ಒಂದು ರಾತ್ರಿಯ ದರಗಳ ನಡುವೆ ಸುಮಾರು 1.4 ಶೇಕಡಾ ಅಂತರ. ಒಂದು ಲಾಟ್ ಅಂದರೆ ಒಂದು ಲಕ್ಷ ಯೂರೋ, EURUSD 1.08ರಲ್ಲಿ ಅದು 1,08,000 ಡಾಲರ್. ಅದರ 1.4 ಶೇಕಡಾವನ್ನು 360ರಿಂದ ಭಾಗಿಸಿದರೆ ದಿನಕ್ಕೆ 4.2 ಡಾಲರ್. ಯೂರೋ ಲಾಂಗ್ ಅಂದರೆ ಡಾಲರ್ ಸಾಲ ಪಡೆದು ಯೂರೋ ಕೊಂಡ ಹಾಗೆ, ಅದನ್ನು ಇಟ್ಟವನು ನ್ಯಾಯವಾಗಿ ಕೊಡಬೇಕಾದದ್ದು ಇಷ್ಟು. ಯೂರೋ ಮಾರಿ ಶಾರ್ಟ್ ಇಟ್ಟವನಿಗೆ ಬರಬೇಕಾದದ್ದೂ ಇಷ್ಟೇ.

ಆಗ ನನ್ನ ಟರ್ಮಿನಲ್‌ನಲ್ಲಿ ಕಾಣುತ್ತಿದ್ದದ್ದು ಲಾಂಗ್‌ಗೆ ಮೈನಸ್ 7 ಪಾಯಿಂಟ್, ಶಾರ್ಟ್‌ಗೆ ಪ್ಲಸ್ 1.8ರ ಆಸುಪಾಸು. ಐದು ದಶಾಂಶದ ಬೆಲೆಯಲ್ಲಿ ಒಂದು ಪಾಯಿಂಟ್ ಅಂದರೆ ಲಾಟ್‌ಗೆ ಒಂದು ಡಾಲರ್, ಹಾಗಾಗಿ 7 ಪಾಯಿಂಟ್ ಅಂದರೆ 7 ಡಾಲರ್. ಈಗ ಎರಡನ್ನೂ ಕೂಡಿ: ಮೈನಸ್ 5.2. ಅದರ ಅರ್ಧ 2.6. ಬ್ರೋಕರ್ ಪ್ರತಿ ಕಡೆಯಲ್ಲೂ ದಿನಕ್ಕೆ ಲಾಟ್‌ಗೆ ಉಳಿಸಿಕೊಳ್ಳುವುದು ಅಷ್ಟು. 7ರಿಂದ 2.6 ಕಳೆದರೆ 4.4, ನಮ್ಮ ಬಡ್ಡಿ ಲೆಕ್ಕದ 4.2ಕ್ಕೆ ಹತ್ತಿರ. ಎರಡೂ ಹೊಂದಿದರೆ ಲೆಕ್ಕ ಸರಿ ಅಂತ ಗೊತ್ತಾಗುತ್ತದೆ. ತೀರಾ ದೂರವಿದ್ದರೆ ಬ್ರೋಕರ್ ಒಂದು ಕಡೆಗೆ ಹೆಚ್ಚು ಹೊರೆ ಹಾಕಿದ್ದಾನೆ, ಅಥವಾ ಹಳೇ ದರವನ್ನೇ ಮುಂದುವರಿಸಿದ್ದಾನೆ. ಬಡ್ಡಿ ಅಂತರ ಅವನ ಲಾಭಕ್ಕಿಂತ ಸಣ್ಣದಾದ ಜೋಡಿಗಳಲ್ಲಿ ಲಾಂಗ್, ಶಾರ್ಟ್ ಎರಡೂ ಮೈನಸ್ ಕಾಣುತ್ತವೆ. ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಮೆಟಾಟ್ರೇಡರ್ 5 ಟರ್ಮಿನಲ್‌ನಲ್ಲಿ ಇದನ್ನು ಓದಲು ಒಂದು ಸ್ಕ್ರಿಪ್ಟ್‌ನ OnStart ಒಳಗೆ ಈ ನಾಲ್ಕು ಸಾಲು ಸಾಕು:

```
Print(SymbolInfoDouble(_Symbol, SYMBOL_SWAP_LONG));
Print(SymbolInfoDouble(_Symbol, SYMBOL_SWAP_SHORT));
Print(SymbolInfoInteger(_Symbol, SYMBOL_SWAP_MODE));
Print(SymbolInfoInteger(_Symbol, SYMBOL_SWAP_ROLLOVER3DAYS));
```

ಮೂರನೇ ಸಾಲನ್ನು ಬಿಡಬೇಡಿ. ಸ್ವಾಪ್ ಪಾಯಿಂಟ್‌ನಲ್ಲಿದೆಯೋ, ಹಣದಲ್ಲಿದೆಯೋ, ವಾರ್ಷಿಕ ಶೇಕಡಾದಲ್ಲಿದೆಯೋ ಅಂತ ಹೇಳುವುದು ಅದೇ. ಯೆನ್ ಜೋಡಿಯಲ್ಲಿ ಜನ ಎಡವುವುದು ಇಲ್ಲೇ. USDJPYಯಲ್ಲಿ ಮೈನಸ್ 30 ಪಾಯಿಂಟ್ ಅಂದರೆ 30 ಡಾಲರ್ ಅಲ್ಲ, 3,000 ಯೆನ್. ಬೆಲೆ 150 ಇದ್ದರೆ 20 ಡಾಲರ್.

ಈಗ ಕೂಡಿಸುತ್ತಾ ಹೋಗೋಣ. ದಿನಕ್ಕೆ 7 ಡಾಲರ್‌ನಂತೆ 90 ದಿನಕ್ಕೆ 630 ಡಾಲರ್. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿದ್ದರೂ ಬಡ್ಡಿ ನಿಲ್ಲುವುದಿಲ್ಲ, ಆ ಎರಡು ದಿನದ್ದೂ ಸೇರಿ ಬುಧವಾರ ರಾತ್ರಿ ಮೂರರಷ್ಟು ಬೀಳುತ್ತದೆ. ಬುಧವಾರದ ಸ್ಪಾಟ್ ವ್ಯವಹಾರ ಶುಕ್ರವಾರಕ್ಕೆ ಇತ್ಯರ್ಥವಾಗಬೇಕು. ಅದನ್ನು ಒಂದು ದಿನ ಮುಂದೂಡಿದರೆ ನೇರ ಸೋಮವಾರಕ್ಕೆ ಹೋಗುತ್ತದೆ. USDCADನಂಥ ಒಂದೇ ದಿನದಲ್ಲಿ ಇತ್ಯರ್ಥವಾಗುವ ಜೋಡಿಗಳಿಗೆ ಈ ಮೂರರ ಪಟ್ಟು ಗುರುವಾರ. ನಡುವೆ ಬ್ಯಾಂಕ್ ರಜೆ ಬಂದರೆ ಮೂರು ನಾಲ್ಕಾಗುತ್ತದೆ ಅಥವಾ ಬೇರೆ ದಿನಕ್ಕೆ ಸರಿಯುತ್ತದೆ. ಜಪಾನಿನ ಗೋಲ್ಡನ್ ವೀಕ್ ಹೊತ್ತಿಗೆ ಯೆನ್ ಜೋಡಿಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು.

ಹತ್ತು ಪಾಯಿಂಟ್ ಸೇರಿದರೆ ಒಂದು ಪಿಪ್, ಹಾಗಾಗಿ 630 ಡಾಲರ್ ಅಂದರೆ 63 ಪಿಪ್. ಯೂರೋ 63 ಪಿಪ್ ಏರಿದರೆ ಮಾತ್ರ ನೀವು ಹೊರಟ ಜಾಗದಲ್ಲೇ ನಿಂತಿರುತ್ತೀರಿ. ಮಾರ್ಜಿನ್‌ಗೆ ಹೋಲಿಸಿದರೆ ಇನ್ನೂ ಕಣ್ಣಿಗೆ ಹೊಡೆಯುತ್ತದೆ. 1:30 ಲಿವರೇಜ್‌ನಲ್ಲಿ ನೀವು ಕಟ್ಟಿದ್ದು 3,600 ಡಾಲರ್, ಸ್ವಾಪ್ ಬೀಳುವುದು ಪೂರ್ತಿ 1,08,000ದ ಮೇಲೆ. ಮೂರು ತಿಂಗಳಲ್ಲಿ ಮಾರ್ಜಿನ್‌ನ ಹದಿನೇಳೂವರೆ ಶೇಕಡಾ ಕರಗಿತು. 1:100 ಇದ್ದರೆ ಕಟ್ಟಿದ್ದೇ 1,080, ಅರ್ಧಕ್ಕಿಂತ ಹೆಚ್ಚು ಹೋಯಿತು. ಲಿವರೇಜ್ ಏರಿಸಿದರೆ ಸ್ವಾಪ್ ಒಂದು ಪೈಸೆಯೂ ಏರುವುದಿಲ್ಲ, ಅದನ್ನು ತಡೆದುಕೊಳ್ಳುವ ನಿಮ್ಮ ದುಡ್ಡು ಇಳಿಯುತ್ತದೆ, ಅಷ್ಟೇ.

ಇದನ್ನು ತಪ್ಪಿಸಲು ಎಲ್ಲರಿಗೂ ಮೊದಲು ಹೊಳೆಯುವುದು ನ್ಯೂಯಾರ್ಕ್ ಸಂಜೆ 5ಕ್ಕೆ ಮುಂಚೆ ಮುಚ್ಚಿ, ಆಮೇಲೆ ಮತ್ತೆ ತೆರೆಯುವ ಉಪಾಯ. ದುಬೈನಲ್ಲಿ ಅದು ಬೇಸಿಗೆಯಲ್ಲಿ ರಾತ್ರಿ 1 ಗಂಟೆ, ಚಳಿಗಾಲದಲ್ಲಿ 2. ನಿದ್ದೆ ಕೆಟ್ಟದ್ದು ಬಿಟ್ಟರೆ ಏನೂ ಸಿಗಲಿಲ್ಲ. ಬ್ಯಾಂಕ್‌ಗಳು ದಿನ ಮುಚ್ಚುವ ಆ ಹೊತ್ತಿಗೆ ಸ್ಪ್ರೆಡ್ ಬಾಯಿಬಿಡುತ್ತದೆ. ಹಗಲಿನಲ್ಲಿ ಒಂದು ಪಿಪ್‌ಗಿಂತ ಕಡಿಮೆ ಇರುವುದು ಹಲವು ಪಿಪ್ ಆಗುತ್ತದೆ, ಸರಿಯಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸ್ಪ್ರೆಡ್ಡೂ ಕಮಿಷನ್ನೂ ಸೇರಿ ಒಂದು ಸಲ ಹೊರಗೆ-ಒಳಗೆ ಆಗಲು 10 ಡಾಲರ್ ಆಸುಪಾಸು ಹಿಡಿಯುತ್ತದೆ. ಉಳಿಸುವುದು 7. ಬುಧವಾರ ಮಾತ್ರ 21 ಉಳಿಯುತ್ತದೆ, ಲೆಕ್ಕ ಗಿಟ್ಟುತ್ತದೆ. ಆದರೆ ಆ ಒಂದು ಗಂಟೆಯಲ್ಲಿ ಬೆಲೆ ಹತ್ತು ಪಿಪ್ ಕೈತಪ್ಪಿದರೆ ಎರಡು ತಿಂಗಳ ಬುಧವಾರಗಳ ಉಳಿತಾಯ ಒಂದೇ ಏಟಿಗೆ ಹೋಗುವ ಹಾಗಿರುತ್ತದೆ. ಶಾರ್ಟ್ ಇಟ್ಟವರಿಗೆ ಇನ್ನೊಂದು ಅಪಾಯವಿದೆ. ಅವರ ಸ್ಟಾಪ್ ಕೆಲಸ ಮಾಡುವುದು ಆಸ್ಕ್, ಅಂದರೆ ಕೊಳ್ಳುವ ಬೆಲೆಗೆ. ಚಾರ್ಟ್‌ನ ಬಿಡ್ ಬೆಲೆ ಆ ಮಟ್ಟ ಮುಟ್ಟದೇ ಇದ್ದರೂ ಸ್ಪ್ರೆಡ್ ಅಗಲವಾಗಿ ಸ್ಟಾಪ್ ಹಾರುತ್ತದೆ. ಲಾಂಗ್ ಇಟ್ಟವರಿಗೆ ಬುಧವಾರ ಮೂರು ಪಟ್ಟು ಸ್ವಾಪ್ ಬಿದ್ದು ಈಕ್ವಿಟಿ ಇಳಿಯುವುದೂ ಅದೇ ನಿಮಿಷದಲ್ಲಿ.

ಸ್ವಾಪ್ ಇಲ್ಲದ ಇಸ್ಲಾಮಿಕ್ ಅಕೌಂಟ್ ಕೂಡ ನೋಡಿದೆ. ಮೊದಲ ಕೆಲವು ರಾತ್ರಿ ಬಿಟ್ಟಿ, ಆಮೇಲೆ ನಿರ್ವಹಣಾ ಶುಲ್ಕ ಅಂತ ಬೇರೆ ಹೆಸರಿನಲ್ಲಿ ಕಡಿತ. ನಾನು ನೋಡಿದ ಕಡೆ ಆ ಶುಲ್ಕ ಸ್ವಾಪ್‌ಗಿಂತ ಹೆಚ್ಚೇ ಇತ್ತು. ಒಂದೇ ಅಕೌಂಟ್‌ನಲ್ಲಿ ಲಾಂಗ್, ಶಾರ್ಟ್ ಎರಡನ್ನೂ ಇಟ್ಟು ‘ಲಾಕ್’ ಮಾಡುವವರಂತೂ ದಿನಕ್ಕೆ 5.2 ಡಾಲರ್ ಸುಮ್ಮನೆ ಬ್ರೋಕರ್ ಕೈಗೆ ಹಾಕುತ್ತಿರುತ್ತಾರೆ.

ನನಗೆ ಗಿಟ್ಟಿದ್ದು ಫ್ಯೂಚರ್ಸ್. ಶಿಕಾಗೋದ ಸಿಎಂಇ ವಿನಿಮಯ ಕೇಂದ್ರದ ಮೈಕ್ರೋ ಯೂರೋ, ಅಂದರೆ M6E, ಒಂದಕ್ಕೆ 12,500 ಯೂರೋ. ಎಂಟು ಸೇರಿದರೆ ಒಂದು ಲಾಟ್. ಇಲ್ಲಿ ರಾತ್ರಿ ಯಾರೂ ಏನೂ ಕತ್ತರಿಸುವುದಿಲ್ಲ. ಹಾಗಂತ ಬಡ್ಡಿ ಮಾಯವಾಗಿಲ್ಲ. ಸ್ಪಾಟ್ 1.0800 ಇದ್ದಾಗ ಮೂರು ತಿಂಗಳ ಕಾಂಟ್ರಾಕ್ಟ್ 1.0838ರ ಸುತ್ತ ಇರುತ್ತದೆ. ಆ 38 ಪಿಪ್ಪೇ ದಿನಕ್ಕೆ 4.2ರಂತೆ 90 ದಿನದ ಬಡ್ಡಿ. ಬ್ಯಾಂಕ್‌ಗಳ ನಡುವಿನ ದರ ಇದು, ಬ್ರೋಕರ್‌ನ 2.6 ಇದರಲ್ಲಿಲ್ಲ. ಅಂದರೆ 630ರ ಬದಲು ಸುಮಾರು 380. ಉಳಿದ ಇನ್ನೂರೈವತ್ತರಲ್ಲಿ ಎಂಟು ಕಾಂಟ್ರಾಕ್ಟ್‌ಗಳ ಕಮಿಷನ್, ಅವಧಿ ಮುಗಿಯುವಾಗ ಮುಂದಿನ ಕಾಂಟ್ರಾಕ್ಟ್‌ಗೆ ಸರಿಯುವ ರೋಲ್ ಖರ್ಚು ಎಲ್ಲ ಸೇರಿ ಮೂವತ್ತು ನಲವತ್ತು ಡಾಲರ್ ಹೋಗುತ್ತದೆ. ಮೂರು ತಿಂಗಳಿಗೆ ಲಾಟ್‌ಗೆ ಇನ್ನೂರರ ಆಸುಪಾಸು ಕೈಯಲ್ಲಿ ಉಳಿಯುತ್ತದೆ. ಐದು ಲಾಟ್ ಇಡುವವನಿಗೆ ಅದು ಸಾವಿರ.

ಒಂದು ವಾರಕ್ಕಿಂತ ಕಡಿಮೆ ಹಿಡಿಯುವುದಾದರೆ ಈ ತಲೆನೋವು ಬೇಡ, ಹೆಚ್ಚುವರಿ ಕಮಿಷನ್ನೇ ಉಳಿತಾಯವನ್ನು ತಿನ್ನುತ್ತದೆ. ನನ್ನ ಗಡಿ ಎರಡು ವಾರ. ಅದಕ್ಕಿಂತ ಮುಂದೆ ಹೋಗಬಹುದು ಅನ್ನಿಸಿದ ಪೊಸಿಷನ್ ಮೊದಲಿನಿಂದಲೇ ಫ್ಯೂಚರ್ಸ್‌ನಲ್ಲಿ. ಬಳಗದಲ್ಲಿ ಇದನ್ನು ಮಾಡಿ ಕೈಬಿಟ್ಟವರು ಹೆಚ್ಚಾಗಿ ಎರಡು ಕಡೆ ಎಡವಿದ್ದರು. ಸ್ಪಾಟ್ ಚಾರ್ಟ್ ನೋಡಿ 1.0720ಕ್ಕೆ ಸ್ಟಾಪ್ ಅಂತ ನಿರ್ಧರಿಸಿ ಅದೇ ಅಂಕಿಯನ್ನು ಫ್ಯೂಚರ್ಸ್‌ಗೆ ಹಾಕುತ್ತಾರೆ. ಅಂತರ ಇನ್ನೂ 30 ಪಿಪ್ ಇರುವಾಗ ಅದು ನಿಜಕ್ಕೂ ಸ್ಪಾಟ್‌ನ 1.0690, ಅಂದುಕೊಂಡದ್ದಕ್ಕಿಂತ 30 ಪಿಪ್ ಹೆಚ್ಚು ನಷ್ಟ. ಅಂತರ ದಿನದಿನಕ್ಕೆ ಕರಗುವುದರಿಂದ ಸ್ಟಾಪನ್ನೂ ವಾರಕ್ಕೊಮ್ಮೆ ಮೂರು ಪಿಪ್‌ನಂತೆ ಇಳಿಸಬೇಕು. ಎರಡನೆಯದು, ಸ್ಪಾಟ್ ನಿಂತಲ್ಲೇ ನಿಂತಾಗ ಫ್ಯೂಚರ್ಸ್ ಮೆಲ್ಲಗೆ ಇಳಿಯುವುದನ್ನು ನೋಡಿ ‘ಇಲ್ಲೂ ಮೋಸ’ ಅಂತ ಮುಚ್ಚಿಬಿಡುತ್ತಾರೆ. ಆ ಇಳಿತವೇ ಬಡ್ಡಿ, ಕಂತಿನಲ್ಲಿ ಹೋಗುತ್ತಿದೆ.

ರೋಲ್ ವಿಷಯ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗಳ ಮೂರನೇ ಬುಧವಾರಕ್ಕೆ ಎರಡು ವ್ಯವಹಾರ ದಿನ ಮುಂಚೆ, ಸಾಮಾನ್ಯವಾಗಿ ಸೋಮವಾರ, ಟ್ರೇಡಿಂಗ್ ಮುಗಿಯುತ್ತದೆ. ಜನರೆಲ್ಲ ಅದರ ಹಿಂದಿನ ವಾರವೇ ಮುಂದಿನ ಕಾಂಟ್ರಾಕ್ಟ್‌ಗೆ ಹೋಗಿರುತ್ತಾರೆ. ಹಳೆಯದನ್ನು ಮಾರುವುದು, ಹೊಸದನ್ನು ಕೊಳ್ಳುವುದು ಅಂತ ಎರಡು ಆರ್ಡರ್ ಬಿಡಿಬಿಡಿಯಾಗಿ ಹಾಕಬೇಡಿ, ಎರಡನ್ನೂ ಒಂದೇ ಆರ್ಡರ್ ಮಾಡುವ ಕ್ಯಾಲೆಂಡರ್ ಸ್ಪ್ರೆಡ್ ಆಗಿ ಲಿಮಿಟ್ ಹಾಕಿ. ಯಾವ ದಿನ, ಯಾವ ಗಂಟೆಗೆ ಹಾಕಿದರೆ ಒಂದು ಟಿಕ್ ಉಳಿಯುತ್ತದೆ ಅನ್ನುವುದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಸ್ವಾಪ್ ಗಳಿಸುವ ಕಡೆ ನಿಲ್ಲೋಣ ಅನ್ನುವವರಿಗೆ ಯೆನ್ ಲೆಕ್ಕ. 2024ರ ಮಧ್ಯದಲ್ಲಿ USDJPY ಲಾಂಗ್‌ಗೆ ದಿನಕ್ಕೆ ಲಾಟ್‌ಗೆ 11 ಡಾಲರ್‌ನಂತೆ ಬರುತ್ತಿತ್ತು, ವರ್ಷಕ್ಕೆ 4,000. ಜುಲೈ ಆರಂಭದಲ್ಲಿ 162ರ ಹತ್ತಿರವಿದ್ದ ಬೆಲೆ, ಜುಲೈ 31ಕ್ಕೆ ಬ್ಯಾಂಕ್ ಆಫ್ ಜಪಾನ್ ದರವನ್ನು 0.25ಕ್ಕೆ ಏರಿಸಿದ ಮೇಲೆ, ಆಗಸ್ಟ್ 5ರಂದು 142ಕ್ಕಿಂತ ಕೆಳಗೆ ಬಂತು. 20 ಯೆನ್ ಅಂದರೆ ಲಾಟ್‌ಗೆ ಸುಮಾರು 14,000 ಡಾಲರ್. ಮೂರು ವರ್ಷಕ್ಕೂ ಮೀರಿದ ಸ್ವಾಪ್ ಐದು ವಾರದೊಳಗೆ ಹೋಯಿತು.

ಹಳೇ ಅಂಕಿಗಳನ್ನು ನಂಬಿ ಕೂರಬೇಡಿ. 2025ರ ಜೂನ್‌ನಲ್ಲಿ ಇಸಿಬಿ ದರ 2.00ಕ್ಕೆ ಇಳಿದಿತ್ತು, ಫೆಡ್ ಇನ್ನೂ 4.25ರಿಂದ 4.50ರಲ್ಲಿತ್ತು. ಅಂತರ 1.4ರಿಂದ 2.3 ಶೇಕಡಾ ದಾಟಿತು, ಯೂರೋವೂ ಏರಿತ್ತು. ಬರಿಯ ಬಡ್ಡಿಯೇ ದಿನಕ್ಕೆ 7 ಡಾಲರ್ ಮೀರಿತು, ಬ್ರೋಕರ್ ಪಾಲು ಸೇರಿದರೆ 10ರ ಹತ್ತಿರ. ಪ್ರತಿ ದರ ಸಭೆಯ ಮರುವಾರ ಮೇಲಿನ ನಾಲ್ಕು ಸಾಲು ಓಡಿಸಿ ಎರಡೂ ಕಡೆಯ ಅಂಕಿ ಕೂಡಿ ನೋಡಿ. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್‌ನ Swap ಕಾಲಂ ಮೊತ್ತವನ್ನು ದಿನದ ದರದಿಂದ ಭಾಗಿಸಿ. ಬರುವ ಸಂಖ್ಯೆ ನೀವು ಹಿಡಿದ ಕ್ಯಾಲೆಂಡರ್ ದಿನಗಳಿಗೆ ಎರಡು ಮೂರು ದಿನದ ವ್ಯತ್ಯಾಸದಲ್ಲಿ ಹೊಂದಬೇಕು. ಅದಕ್ಕಿಂತ ಹೆಚ್ಚು ಬಂದರೆ ನಡುವೆ ದರ ಬದಲಾಗಿದೆಯೇ ಎಂದು ನೋಡಿ. ಇಲ್ಲದಿದ್ದರೆ ದಿನಾಂಕವಾರು ಲೆಕ್ಕ ಹಾಕಿ ಬ್ರೋಕರ್‌ಗೆ ಬರೆಯಿರಿ.