ಬೈಸಿಕೊಂಡ ರಿಂಗಿನ ಲೆಕ್ಕವೇ ಕೆಲಸ ಕೊಡಿಸಿತು: ನನ್ನ ಅನುಭವ

ಸಂದರ್ಶನಕ್ಕೆ ನನ್ನದೇ ತಪ್ಪಿನ ಹಾಳೆಯನ್ನು ತೆಗೆದುಕೊಂಡು ಹೋಗುತ್ತೇನೆ ಎಂದಾಗ ಕೋಣೆಯಲ್ಲಿದ್ದ ಮೂವರೂ ನಕ್ಕರು. "ನಿನ್ನ ಕಾಲಿನ ಮೇಲೆ ನೀನೇ ಕಲ್ಲು ಎತ್ತಿ ಹಾಕಿಕೊಳ್ಳುತ್ತೀಯ" ಎಂದ ಒಬ್ಬ. ಅವನು ಈಗ ಅದೇ ಹಾಳೆಯ ನಮೂನೆ ಕೇಳುತ್ತಿದ್ದಾನೆ. ಆದ್ದರಿಂದ ಬರೆದೇ ಬಿಡುತ್ತೇನೆ.

ನಾನು ಸೈಟ್ ಎಂಜಿನಿಯರ್. ದಾವಣಗೆರೆಯಿಂದ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಬಂದು ಸಂದರ್ಶನ ಕೊಟ್ಟು ಹಿಂದಿರುಗುತ್ತಿದ್ದ ಕಾಲದಲ್ಲಿ ಆರು ಕಡೆ ಸೋತೆ. ಬಸ್ಸು, ಊಟ, ಒಂದು ದಿನದ ಸಂಬಳ ಎಲ್ಲ ಸೇರಿ ಪ್ರತಿ ಸಲ ಸಾವಿರದೈನೂರು ರೂಪಾಯಿಯಂತೆ ಹೋಗಿರಬೇಕು. ಡ್ರಾಯಿಂಗ್ ಓದುವುದು, ಕಾಂಕ್ರೀಟ್ ಪರೀಕ್ಷೆ, ಬಿಲ್ಲು ಇವುಗಳಲ್ಲಿ ಎಡವಿದ್ದು ಕಡಿಮೆ. ಎಡವುತ್ತಿದ್ದುದು ಒಂದೇ ಪ್ರಶ್ನೆಯಲ್ಲಿ: "ನಿಮ್ಮ ಕೆಲಸವನ್ನು ಯಾರಾದರೂ ಟೀಕಿಸಿದ್ದುಂಟೇ? ಆಮೇಲೆ ಏನು ಬದಲಾಯಿಸಿದಿರಿ?"

ಮೊದಲ ಸಲ, ಕೆಲಸ ಅತಿಯಾಗಿ ಮೈಮೇಲೆ ಹಾಕಿಕೊಳ್ಳುತ್ತೇನೆಂದು ಮೇಲಿನವರು ಬೈಯುತ್ತಾರೆ ಎಂದೆ. ಎದುರಿಗಿದ್ದವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಎರಡನೆಯ ಕಡೆ ದಿನದ ವರದಿಯನ್ನು ತಡವಾಗಿ ಕಳುಹಿಸಿದ ಕಥೆ ಹೇಳಿದೆ. ತೀರಾ ಚಿಕ್ಕದಾಯಿತು. ಮೂರನೆಯ ಕಡೆ ರೋಷದಿಂದ ದೊಡ್ಡದನ್ನೇ ಹೇಳಿದೆ: ಸ್ಲ್ಯಾಬಿನ ಆಧಾರದ ಕಂಬಗಳನ್ನು ಬೇಗ ತೆಗೆಸಿ ಬೈಸಿಕೊಂಡದ್ದು. ಜೀವಕ್ಕೆ ಅಪಾಯ ತರುವ ತಪ್ಪನ್ನು ಎರಡು ನಿಮಿಷದಲ್ಲಿ ತೊಳೆದುಕೊಳ್ಳಲು ಆಗುವುದಿಲ್ಲ ಎಂಬುದು ಅವರ ಮುಖ ನೋಡಿದಾಗ ಗೊತ್ತಾಯಿತು. ಉಳಿದ ಮೂರರಲ್ಲಿ ಏನು ಹೇಳಿದೆನೋ ಈಗ ನೆನಪಿಲ್ಲ. ಚೆನ್ನಾಗಿರಲಿಲ್ಲ ಎಂಬುದು ಮಾತ್ರ ನೆನಪಿದೆ.

ಆಗ ಮೊಬೈಲಿನಲ್ಲಿ ನನ್ನ ಉತ್ತರವನ್ನೇ ಧ್ವನಿಮುದ್ರಿಸಿ ಕೇಳಿದೆ. ಎರಡೂವರೆ ನಿಮಿಷದಲ್ಲಿ "ಆದರೆ" ಎಂಬ ಪದ ಒಂಬತ್ತೋ ಹತ್ತೋ ಸಲ ಬಂದಿತ್ತು. ಟೀಕೆಯನ್ನು ಒಪ್ಪಿದಂತೆ ಮಾಡಿ, ಪ್ರತಿ ವಾಕ್ಯದಲ್ಲೂ ಹಿಂದಕ್ಕೆ ಕಿತ್ತುಕೊಳ್ಳುತ್ತಿದ್ದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಹೊಸದಾಗಿ ಆರಿಸಿಕೊಂಡ ಪ್ರಸಂಗ ರಿಂಗಿನದು, ಅಂದರೆ ಬೀಮಿನ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಚೌಕಾಕಾರದ ಕಬ್ಬಿಣದ ಬಳೆಯದು. ಆಗ ನಾನಿದ್ದ ಸೈಟಿನಲ್ಲಿ 230 ಗುಣಿಸು 450 ಮಿಲಿಮೀಟರ್ ಬೀಮು, ಡ್ರಾಯಿಂಗಿನಲ್ಲಿ ಕವರ್, ಅಂದರೆ ರಿಂಗಿಗೂ ಕಾಂಕ್ರೀಟಿನ ಹೊರಮೈಗೂ ನಡುವಿನ ಅಂತರ, 25, ರಿಂಗಿಗೆ 8 ಮಿಲಿಮೀಟರ್ ಸರಳು. ಯಾವ ಸರಳನ್ನು ಎಷ್ಟುದ್ದ ಕತ್ತರಿಸಿ ಹೇಗೆ ಬಗ್ಗಿಸಬೇಕೆಂದು ಹೇಳುವ ಪಟ್ಟಿ, ಬಾರ್ ಬೆಂಡಿಂಗ್ ಶೆಡ್ಯೂಲ್, ನನ್ನದು. ಕ್ಲೈಂಟ್ ಕಡೆಯ ಕ್ವಾಲಿಟಿ ಎಂಜಿನಿಯರ್ ಒಂದು ಬೆಳಿಗ್ಗೆ ಶಟರಿಂಗಿನೊಳಗೆ ಕವರ್ ಬ್ಲಾಕ್ ತುರುಕಲು ನೋಡಿದರು, ಹೋಗಲಿಲ್ಲ. ಟೇಪು ಹಿಡಿದರೆ ಪಕ್ಕದಲ್ಲಿ 13ರಿಂದ 15 ಮಾತ್ರ ಸಿಕ್ಕಿತು. "ನಿಮ್ಮ ಶೆಡ್ಯೂಲನ್ನು ನೀವೇ ಒಂದು ಸಲ ಬಗ್ಗಿಸಿ ನೋಡಿದ್ದೀರಾ?" ಎಂದು ಎಲ್ಲರ ಮುಂದೆ ಕೇಳಿ, ಆ ದಿನದ ಕಾಂಕ್ರೀಟ್ ನಿಲ್ಲಿಸಿದರು. ನಾನು ನೇರವಾಗಿ ಮೇಸ್ತ್ರಿಯ ಮೇಲೆ ಹರಿಹಾಯ್ದೆ. ಅವರು ತಣ್ಣಗೆ, "ಸಾರ್, ನೀವು ಬರೆದ ಉದ್ದಕ್ಕೇ ಕತ್ತರಿಸಿದ್ದೇನೆ" ಎಂದರು.

ಅವರ ಮಾತು ಸರಿಯಿತ್ತು. ಎರಡೂ ಕಡೆ ಕವರ್ ಕಳೆದರೆ ರಿಂಗಿನ ಅಳತೆ 180 ಗುಣಿಸು 400, ಸುತ್ತಳತೆ 1160. ಎರಡು ಕೊಕ್ಕೆಗೆ ತಲಾ 80ರಂತೆ 160 ಸೇರಿಸಿ 1320 ಎಂದು ಬರೆದಿದ್ದೆ. ಬಗ್ಗಿಸುವಾಗ ಸರಳು ಹಿಗ್ಗುತ್ತದೆ ಎಂದು ಕಳೆಯಬೇಕಾದ ಬಾಗಿನ ಕಡಿತವನ್ನು ಮರೆತಿದ್ದೆ. ಮೂರು ತೊಂಬತ್ತು ಡಿಗ್ರಿ ಬಾಗಿಗೆ ಸರಳಿನ ದಪ್ಪದ ಎರಡರಷ್ಟು, 135 ಡಿಗ್ರಿಯ ಎರಡು ಬಾಗಿಗೆ ಮೂರರಷ್ಟು, ಅಂದರೆ 48 ಮತ್ತು 48. ಬರಬೇಕಾದದ್ದು 1224. ಬೆಂಡರ್ ಕೊಕ್ಕೆಯನ್ನು ಸರಿಯಾಗಿ ಇಟ್ಟುಕೊಂಡು, ಹೆಚ್ಚುವರಿ 96 ಮಿಲಿಮೀಟರನ್ನು ನಾಲ್ಕು ಬದಿಗೂ ಹಂಚಿದ್ದ. ಬದಿಗೆ 24ರಂತೆ ರಿಂಗು ಹಿಗ್ಗಿತು, ಕವರ್ ಒಂದೊಂದು ಪಕ್ಕದಲ್ಲಿ 12ರಷ್ಟು ಕುಗ್ಗಿತು. 25ರಲ್ಲಿ 12 ಹೋದರೆ 13. ಟೇಪು ಹೇಳಿದ್ದೂ ಅದನ್ನೇ.

ಬದಲಾಯಿಸಿದ್ದು ಎರಡೇ. ಶೆಡ್ಯೂಲಿನಲ್ಲಿ ಕಡಿತಕ್ಕೆ ಪ್ರತ್ಯೇಕ ಕಾಲಂ ಬಂತು, ಖಾಲಿ ಬಿಟ್ಟರೆ ಕಣ್ಣಿಗೆ ಹೊಡೆಯುವಂತೆ. ಮತ್ತೆ, ಪ್ರತಿ ಅಳತೆಯ ಮೊದಲ ರಿಂಗನ್ನು ಬಗ್ಗಿಸಿ, ಹೊರಗಿನಿಂದ ಹೊರಕ್ಕೆ ಟೇಪು ಹಿಡಿದು, ನನ್ನ ಸಹಿ ಬಿದ್ದ ಮೇಲೆಯೇ ಉಳಿದವನ್ನು ಕತ್ತರಿಸುವುದು. ಮೇಸ್ತ್ರಿ ಮೊದಲ ವಾರ ಗೊಣಗಿದರು, ದಿನಕ್ಕೆ ಇಪ್ಪತ್ತು ನಿಮಿಷ ಹಾಳು ಎಂದು. ಉಳಿದ ಮಹಡಿಗಳಿಗೆ ಸುಮಾರು 22 ಸಾವಿರ ರಿಂಗು ಬೇಕಿತ್ತು. 96 ಮಿಲಿಮೀಟರಿನಂತೆ ಲೆಕ್ಕ ಹಾಕಿದರೆ 800 ಕಿಲೋದಷ್ಟು ಕಬ್ಬಿಣ, ಆಗಿನ ದರದಲ್ಲಿ ಐವತ್ತು ಸಾವಿರದ ಆಸುಪಾಸು ಉಳಿತಾಯ. ಬಿಲ್ಲಿಂಗ್ ವಿಭಾಗದವರು ನನ್ನನ್ನು ಗುರುತಿಸಲು ಶುರು ಮಾಡಿದ್ದೇ ಅಲ್ಲಿಂದ.

ಇಷ್ಟನ್ನು ಒಂದು ಹಾಳೆಗೆ ಇಳಿಸಿದೆ. ಎಡಕ್ಕೆ ಹಳೆಯ ಶೆಡ್ಯೂಲಿನ ಒಂದು ಸಾಲು, ಬಲಕ್ಕೆ ಹೊಸದು, ನಡುವೆ ಟೀಕೆ ಅವರ ಮಾತಿನಲ್ಲೇ. ಸೈಟಿನ ಹೆಸರು, ಕಂಪನಿಯ ಹೆಸರು ಎರಡನ್ನೂ ತೆಗೆದೆ. ತೆಗೆಯದಿದ್ದರೆ ಹಳೆಯ ಕಂಪನಿಯ ಕಾಗದ ಹೊರಗೆ ತರುವವನು ನಾಳೆ ನಮ್ಮದನ್ನೂ ತರುತ್ತಾನೆ ಎಂದು ಅವರಿಗೆ ಅನ್ನಿಸುವುದು ಸಹಜ.

ಹೇಳುವಾಗ ಟೀಕೆಗೆ ಅರ್ಧ ನಿಮಿಷ, ನಾನು ಮೇಸ್ತ್ರಿಯ ಮೇಲೆ ರೇಗಿದ್ದಕ್ಕೆ ಒಂದೇ ವಾಕ್ಯ, ಉಳಿದದ್ದೆಲ್ಲ ಬದಲಾವಣೆಗೆ. ರೇಗಿದ್ದನ್ನು ಬಿಟ್ಟು ಹೇಳಿಯೂ ನೋಡಿದೆ. ಗೆಳೆಯರ ಮುಂದೆ ಅದು ಬಾಯಿಪಾಠದಂತೆ ಕೇಳಿಸಿತು, ಮತ್ತೆ ಸೇರಿಸಿದೆ. ಎರಡು ಟೀಕೆಗಳನ್ನು ಜೋಡಿಸಿದೆ, ಉದ್ದವಾಯಿತು. ಲ್ಯಾಪ್‌ಟಾಪ್ ತೆರೆದು ತೋರಿಸಲು ಹೋದದ್ದು ಶುದ್ಧ ದಂಡ. ಅದು ಚಾಲೂ ಆಗುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿದ್ದರು. ಹಾಳೆಯನ್ನು ಯಾವ ಗಳಿಗೆಯಲ್ಲಿ ಮೇಜಿನ ಮೇಲಿಡಬೇಕು, ಮೊದಲ ವಾಕ್ಯ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಮ್ಮ ಇನ್ನೂ ಕೆಲಸ ಹುಡುಕುತ್ತಿದ್ದಾನೆ.

ಏಳನೆಯ ಸಂದರ್ಶನ ಹೆಬ್ಬಾಳದ ಹತ್ತಿರ. ಹಿರಿಯರೊಬ್ಬರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, "10 ಮಿಲಿಮೀಟರ್ ಸರಳಾದರೆ ಎಷ್ಟು?" ಎಂದರು. ಅಲ್ಲೇ ಬರೆದೆ: 1160ಕ್ಕೆ ಕೊಕ್ಕೆಯ 200 ಸೇರಿಸಿ ಬಾಗಿನ 120 ಕಳೆದರೆ 1240. ಕಥೆ ನಿಜವೋ ಕಟ್ಟಿದ್ದೋ ಎಂದು ಅಳೆಯುವ ದಾರಿ ಅದು. ಕಟ್ಟಿ ತಂದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಆಮೇಲೆ ಇನ್ನೊಬ್ಬರು, "ಟೀಕೆ ತಪ್ಪಾಗಿದ್ದರೆ ಏನು ಮಾಡುತ್ತೀರಿ?" ಎಂದರು. ಅದಕ್ಕೂ ಒಂದು ಪ್ರಸಂಗ ಇಟ್ಟುಕೊಂಡಿದ್ದೆ: ಕಾಲಮ್ಮಿನ ಜೋಡಣೆಯ ಉದ್ದ ಸಾಲದು ಎಂದು ಒಬ್ಬರು ಆಕ್ಷೇಪಿಸಿದಾಗ, ವಾದಕ್ಕೆ ನಿಲ್ಲದೆ ಪರಿಷ್ಕೃತ ಡ್ರಾಯಿಂಗ್ ತೆರೆದು ಅವರ ಕೈಯಿಂದಲೇ ಅಳೆಸಿದ್ದು. ಅವರ ಬಳಿ ಇದ್ದದ್ದು ಹಳೆಯ ಪ್ರತಿ.

28 ಸಾವಿರದಿಂದ 38 ಸಾವಿರಕ್ಕೆ ಹೋದೆ. 40 ಕೇಳಿದ್ದೆ, ಕೊಡಲಿಲ್ಲ.

ಫೋನಿನಲ್ಲಿ ನಡೆಯುವ ಮೊದಲ ಸುತ್ತಿಗೆ ಈ ಹಾಳೆ ಉಪಯೋಗಕ್ಕೆ ಬರುವುದಿಲ್ಲ. ಕೇಳುವವರಿಗೆ ರಿಂಗೆಂದರೆ ಏನೆಂದೇ ಗೊತ್ತಿರುವುದಿಲ್ಲ. ಅಲ್ಲಿ ನಾನು ಮಿಲಿಮೀಟರ್ ಬಿಟ್ಟು, ಅಳತೆ ತಪ್ಪಿ ಒಂದು ದಿನದ ಕೆಲಸ ನಿಂತಿತು, ಈಗ ಮೊದಲ ತುಂಡನ್ನು ನಾನೇ ಅಳೆದು ಸಹಿ ಹಾಕುತ್ತೇನೆ ಎಂದಷ್ಟೇ ಹೇಳಿ ನಿಲ್ಲಿಸುತ್ತಿದ್ದೆ.