ಮೇ ತಿಂಗಳ ಮಧ್ಯಾಹ್ನ ಹೊಗೆ ಎಲ್ಲಿ ನಿಲ್ಲುತ್ತದೆ: ರಾಯಚೂರಿನ ಒಂದು ಹತ್ತಿ ಗೋದಾಮಿನಲ್ಲಿ ನನ್ನ ಅನುಭವ

ರಾಯಚೂರಿನ ಹೊರವಲಯದಲ್ಲಿರುವ ಒಂದು ಜಿನ್ನಿಂಗ್ ಮಿಲ್ಲಿನ ಗೋದಾಮಿಗೆ ನನ್ನನ್ನು ಕರೆಸಿದ್ದು ಹೊಸ ಕೆಲಸಕ್ಕಲ್ಲ, ಹಳೆಯ ದೂರೊಂದನ್ನು ಪರಿಹರಿಸುವುದಕ್ಕೆ. ಅಲ್ಲಿ ಹೊಗೆ ಪತ್ತೆಹಚ್ಚುವ ಮೂರು ಬೀಮ್ ಡಿಟೆಕ್ಟರ್‌ಗಳಿದ್ದವು. ಬೇಸಿಗೆ ಬಂತೆಂದರೆ ಪ್ರತಿದಿನ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅವುಗಳಲ್ಲಿ ಒಂದಾದರೂ ಪ್ಯಾನೆಲ್‌ನಲ್ಲಿ ದೋಷದ ಹಳದಿ ದೀಪ ಹೊತ್ತಿಸುತ್ತಿತ್ತು, ಸಂಜೆ ಏಳರ ನಂತರ ತಾನಾಗಿಯೇ ಸರಿಹೋಗುತ್ತಿತ್ತು. ಕಾವಲುಗಾರರು ಬಜರ್ ಒತ್ತಿ ಸುಮ್ಮನಾಗಿಸುವುದನ್ನು ರೂಢಿ ಮಾಡಿಕೊಂಡಿದ್ದರು.

ಗೋದಾಮು 60 ಮೀಟರ್ ಉದ್ದ, 24 ಮೀಟರ್ ಅಗಲ. ನಡುವೆ ಕಂಬವಿಲ್ಲದ ಉಕ್ಕಿನ ಚೌಕಟ್ಟು, ಮೇಲೆ ಒಂಟಿ ತಗಡಿನ ಚಾವಣಿ, ನೆತ್ತಿಯ ಎತ್ತರ ಸುಮಾರು 12 ಮೀಟರ್. 170 ಕಿಲೋ ತೂಕದ ಹತ್ತಿ ಬೇಲ್‌ಗಳನ್ನು ಐದೂವರೆ ಮೀಟರ್ ಎತ್ತರದವರೆಗೆ ಒಟ್ಟಿರುತ್ತಾರೆ. ಒಂದು ಬೀಮ್ ನೆತ್ತಿಯ ಕೆಳಗೆ, ಉಳಿದೆರಡು ಎರಡೂ ಇಳಿಜಾರುಗಳ ಕೆಳಗೆ, ತಗಡಿನಿಂದ ಅರ್ಧ ಮೀಟರ್ ತಗ್ಗಿನಲ್ಲಿ ಉದ್ದಕ್ಕೂ ಹಾಯುತ್ತಿದ್ದವು. ಎಲ್ಲವೂ ಪ್ರತಿಫಲಕ ಮಾದರಿಯವು, ಅಂದರೆ ಒಂದು ಗೋಡೆಯ ಮೇಲಿನ ಘಟಕ ಅವಗೆಂಪು ಕಿರಣವನ್ನು ಕಳಿಸುತ್ತದೆ, ಎದುರು ಗೋಡೆಯ ಪ್ರಿಸಂ ಫಲಕ ಅದನ್ನು ಹಿಂದಕ್ಕೆ ಕೊಡುತ್ತದೆ, ಮರಳಿ ಬಂದ ಬೆಳಕು ನಿಗದಿಪಡಿಸಿದಷ್ಟು ಕುಗ್ಗಿದರೆ ಘಟಕ ಅದನ್ನು ಬೆಂಕಿ ಎಂದು ತೀರ್ಮಾನಿಸುತ್ತದೆ. ಇಲ್ಲಿ ಆ ಮಿತಿ ಶೇಕಡಾ 35 ಎಂದು ಇಡಲಾಗಿತ್ತು.

ಮಧ್ಯಾಹ್ನದ ದೋಷದ ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಏಣಿ ಹತ್ತಿ ನೋಡಿದಾಗ ಘಟಕಗಳನ್ನು ಪಶ್ಚಿಮ ಗೋಡೆಯ ತಗಡು ಹಿಡಿದಿರುವ ತೆಳು ಪಟ್ಟಿಗೆ ಬೋಲ್ಟ್ ಮಾಡಿದ್ದು ಕಂಡಿತು. ಬಿಸಿಲು ಬಿದ್ದಾಗ ಆ ಪಟ್ಟಿ ಬಾಗುತ್ತದೆ. ಘಟಕದ ಮುಖ ಒಂದೇ ಒಂದು ಡಿಗ್ರಿ ತಿರುಗಿದರೂ 60 ಮೀಟರ್ ಆಚೆ ಕಿರಣ ಒಂದು ಮೀಟರಿನಷ್ಟು ಸರಿಯುತ್ತದೆ, ಅಂಗೈಯಗಲದ ಫಲಕ ಅದಕ್ಕೆ ಸಿಗುವುದೇ ಇಲ್ಲ. ಬೆಳಕು ನಿಧಾನವಾಗಿ ಕುಗ್ಗುವುದು ಹೊಗೆಯ ಲಕ್ಷಣ, ಒಮ್ಮೆಲೇ ಪೂರ್ತಿ ಮಾಯವಾಗುವುದು ಅಡ್ಡಿಯ ಲಕ್ಷಣ ಎಂದು ಘಟಕ ಬಗೆಯುವುದರಿಂದ ಅದು ಬೆಂಕಿಯ ಬದಲು ದೋಷ ಎನ್ನುತ್ತಿತ್ತು. ಘಟಕಗಳನ್ನು ಪೂರ್ವದ ತುದಿಯ ಮುಖ್ಯ ಉಕ್ಕಿನ ಕಂಬಗಳಿಗೆ ಬಿಗಿದು, ಫಲಕಗಳನ್ನು ಪಶ್ಚಿಮದ ಗೋಡೆಗೆ ಬಿಟ್ಟೆವು. ಪ್ರಿಸಂ ಫಲಕ ಕೆಲವು ಡಿಗ್ರಿ ಓರೆಯಾದರೂ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ, ಆದ್ದರಿಂದ ಎರಡರಲ್ಲಿ ಅಲುಗಾಡುವ ಗೋಡೆ ಯಾವುದೋ ಅದಕ್ಕೆ ಫಲಕವನ್ನು ಕೊಡಬೇಕು. ಜೋಡಣೆ ಮುಗಿದ ಮೇಲೆ ಪ್ರತಿ ಫಲಕವನ್ನೂ ಕಪ್ಪು ಬಟ್ಟೆಯಿಂದ ಮುಚ್ಚಿ ನೋಡಿದೆವು. ಮುಚ್ಚಿದರೂ ಸಂಕೇತ ಉಳಿದಿದ್ದರೆ ಕಿರಣ ಫಲಕಕ್ಕಲ್ಲ, ದಾರಿಯ ಯಾವುದೋ ಹೊಳೆಯುವ ತಗಡಿಗೆ ತಾಗಿ ಮರಳುತ್ತಿದೆ ಎಂದರ್ಥ. ಮೂರರಲ್ಲಿ ಒಂದು ಹಾಗೆಯೇ ಇತ್ತು. ಹಾಗೇ ಬಿಟ್ಟಿದ್ದರೆ ಅದು ಗೋದಾಮಿನ ಅರ್ಧ ಉದ್ದವನ್ನಷ್ಟೇ ನೋಡುತ್ತಿತ್ತು.

ಕೆಲಸ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮೇ ತಿಂಗಳಲ್ಲಿ ಗೋದಾಮು ಬಹುಪಾಲು ಖಾಲಿ ಇದ್ದುದರಿಂದ ಒಂದು ಹೊಗೆ ಪರೀಕ್ಷೆ ಮಾಡಿಬಿಡೋಣ ಎಂದು ನಾನೇ ಹೇಳಿದೆ. ಬೇಲ್‌ಗಳಿಂದ ದೂರ, ಕಬ್ಬಿಣದ ತಟ್ಟೆಯಲ್ಲಿ, ಪಕ್ಕದಲ್ಲಿ ನೀರಿನ ಡ್ರಮ್ಮು ಮತ್ತು ನಂದಿಸುವ ಸಿಲಿಂಡರ್ ಇಟ್ಟುಕೊಂಡು 30 ಹತ್ತಿ ಬತ್ತಿಗಳನ್ನು ಹೊತ್ತಿಸಿ ಜ್ವಾಲೆ ಆರಿಸಿದೆವು. ಯುರೋಪಿನ EN 54 ಮಾನಕದಲ್ಲಿಯೂ ಹೊಗೆ ಡಿಟೆಕ್ಟರ್‌ಗಳನ್ನು ಪರೀಕ್ಷಿಸುವ ಬೆಂಕಿಗಳಲ್ಲಿ ಒಂದು ಹೀಗೆ ಕನಲುವ ಹತ್ತಿಬತ್ತಿಯದೇ. ಅಲ್ಲಿ ಸುಮಾರು 90 ಬತ್ತಿಗಳನ್ನು ಬಳಸುತ್ತಾರೆ, ಆದರೆ ಆ ಕೋಣೆಯ ಎತ್ತರ ನಾಲ್ಕು ಮೀಟರ್ ಮಾತ್ರ. ದೇವರ ಮುಂದಿನ ಬತ್ತಿಗೆ ಇಂಥದೊಂದು ಕೆಲಸವೂ ಇದೆ ಎಂದಾಗ ಹಮಾಲರು ನಕ್ಕರು.

ಮಧ್ಯಾಹ್ನ ಮೂರು ಗಂಟೆ. ಹೊಗೆ ನೆಟ್ಟಗೆ ಮೇಲೆದ್ದು, ಸುಮಾರು ಐದು ಮೀಟರ್ ಎತ್ತರದಲ್ಲಿ ಅದೃಶ್ಯ ಗಾಜಿಗೆ ತಾಗಿದಂತೆ ನಿಂತು, ಚಪ್ಪಟೆಯಾಗಿ ಸುತ್ತ ಹರಡಿಕೊಂಡಿತು. ಇಪ್ಪತ್ತು ನಿಮಿಷ ಕಾದರೂ ಬೀಮ್‌ಗಳ ಸಂಕೇತ ನೂರರಿಂದ ಒಂದಂಶವೂ ಇಳಿಯಲಿಲ್ಲ. ಮಿಲ್ಲಿನ ಸಾಹುಕಾರರು ಮೇಲೆ ನೋಡಿ, “ಹೊಗಿ ನಮ್ ಕಣ್ಣಿಗೇ ಕಾಣಲಿಕತ್ತದ, ನಿಮ್ ಮಷೀನಿಗೆ ಯಾಕ ಕಾಣವಲ್ದು?” ಎಂದು ಕೇಳಿದರು.

ಉತ್ತರ ಕೊಡಲು ಹಗ್ಗಕ್ಕೆ ಉಷ್ಣತೆ ಅಳೆಯುವ ತಂತಿಗಳನ್ನು ಕಟ್ಟಿ ನೆತ್ತಿಯವರೆಗೆ ಎಳೆದೆ. ನೆಲದ ಬಳಿ 38 ಡಿಗ್ರಿ, ಆರು ಮೀಟರಿನಲ್ಲಿ 44, ಬೀಮ್‌ಗಳಿರುವ ಹನ್ನೊಂದೂವರೆ ಮೀಟರಿನಲ್ಲಿ 58. ಕನಲುವ ಹತ್ತಿಯ ಹೊಗೆ ಹೊರಡುವಾಗ ಬಿಸಿಯಾಗಿದ್ದರೂ ಏರುತ್ತಾ ಸುತ್ತಲಿನ ಗಾಳಿಯನ್ನು ಬೆರೆಸಿಕೊಂಡು ತಣ್ಣಗಾಗುತ್ತದೆ. ತನ್ನಷ್ಟೇ ಬಿಸಿಯಾದ ಗಾಳಿ ಎದುರಾದಲ್ಲಿ ಅದಕ್ಕೆ ಮೇಲೇರುವ ಕಾರಣವೇ ಉಳಿಯುವುದಿಲ್ಲ. ಹೊಗೆ ಎಷ್ಟು ಎತ್ತರ ಏರೀತು ಎಂಬುದಕ್ಕೆ ಈ ಕ್ಷೇತ್ರದಲ್ಲಿ ಬಳಸುವ ಸರಳ ಸೂತ್ರವೊಂದಿದೆ:

```
z = 5.54 × Q^(1/4) × (ΔT/Δz)^(-3/8)
```

ಇಲ್ಲಿ z ಎಂಬುದು ಮೀಟರಿನಲ್ಲಿ ಎತ್ತರ, Q ಎಂಬುದು ಹೊಗೆಯೊಂದಿಗೆ ಮೇಲೇಳುವ ಶಾಖ, ಕಿಲೋವ್ಯಾಟ್‌ನಲ್ಲಿ. ಕೊನೆಯದು ಪ್ರತಿ ಮೀಟರಿಗೆ ಏರುವ ಉಷ್ಣತೆ, ನಮ್ಮಲ್ಲಿ 20 ಡಿಗ್ರಿಯನ್ನು 11.5ರಿಂದ ಭಾಗಿಸಿದರೆ 1.74. ಎರಡು ಕಿಲೋವ್ಯಾಟ್ ಕನಲಿಕೆಗೆ 5.4 ಮೀಟರ್ ಬರುತ್ತದೆ, ನಾವು ಕಣ್ಣಾರೆ ಕಂಡದ್ದೂ ಹೆಚ್ಚುಕಡಿಮೆ ಅದೇ. ಹೊಗೆ ಬೀಮ್ ಮುಟ್ಟಬೇಕಾದರೆ ಸುಮಾರು 43 ಕಿಲೋವ್ಯಾಟ್ ಬೇಕು, ಅಂದರೆ ಬೇಲ್ ಅಷ್ಟುಹೊತ್ತಿಗೆ ಎದ್ದು ಉರಿಯುತ್ತಿರುತ್ತದೆ. ಉಷ್ಣತೆ ನಿಜದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಮನಾಗಿ ಏರುವುದಿಲ್ಲವಾದ್ದರಿಂದ ಈ ಲೆಕ್ಕವನ್ನು ಅಂದಾಜೆಂದೇ ಹಿಡಿಯಬೇಕು. ಆದರೆ ಒತ್ತಿದ ಹತ್ತಿ ದಿನಗಟ್ಟಲೆ ಒಳಗೊಳಗೇ ಕನಲಬಲ್ಲ ವಸ್ತುವಾದ್ದರಿಂದ ಈ ಅಂದಾಜೂ ಸಾಕಷ್ಟು ಹೆದರಿಸುವಂಥದೇ.

ಮರುದಿನ ಬೆಳಗಿನ ಐದೂವರೆಗೆ ಅಷ್ಟೇ ಬತ್ತಿಗಳಿಂದ ಅದೇ ಪರೀಕ್ಷೆ ಮಾಡಿದೆವು. ರಾತ್ರಿಯಿಡೀ ಆರಿದ ತಗಡಿನ ಕೆಳಗೆ ಬಿಸಿ ಗಾಳಿಯ ಪದರವೇ ಇರಲಿಲ್ಲ. ಹೊಗೆ ನೆತ್ತಿ ಮುಟ್ಟಿ, ನಡುವಿನ ಬೀಮಿನ ಸಂಕೇತ ನೂರರಿಂದ 80ಕ್ಕೆ ಇಳಿಯಿತು. ಅಲಾರಂಗೆ ಅದು ಸಾಲದಾದರೂ ಬೀಮ್ ಹೊಗೆಯನ್ನು ಕಂಡಿತ್ತು. ಆದ್ದರಿಂದ ಬೀಮ್‌ಗಳನ್ನು ತೆಗೆಯುವ ಮಾತೇ ಬರಲಿಲ್ಲ, ರಾತ್ರಿ ಮತ್ತು ಚಳಿಗಾಲ ಅವುಗಳ ಪಾಲಿನವು. ಹಗಲಿನ ಪಾಲು ಖಾಲಿ ಇತ್ತು.

ಕೆಳಗೊಂದು ಸಾಲು ಬೀಮ್ ಹಾಕುವುದು ಮೊದಲು ಹೊಳೆದ ಉಪಾಯ. ಹಾಗೆ ತಗ್ಗಿನಲ್ಲಿ ಹಾಕುವ ಬೀಮ್ ತನ್ನ ಎರಡೂ ಬದಿಗೆ, ಬೆಂಕಿಯಿಂದ ತನಗಿರುವ ಎತ್ತರದ ಎಂಟನೇ ಒಂದರಷ್ಟು ಅಗಲವನ್ನು ಮಾತ್ರ ಕಾಯುತ್ತದೆ ಎಂದು ಬೆಂಕಿ ಪತ್ತೆಯ ಬ್ರಿಟಿಷ್ ಸಂಹಿತೆ ಎಣಿಸುತ್ತದೆ, ಏಕೆಂದರೆ ಹೊಗೆ ಅಲ್ಲಿ ಇನ್ನೂ ಕಿರಿದಾದ ಕಂಬದಂತಿರುತ್ತದೆ. ಏಳು ಮೀಟರ್ ಎತ್ತರದ ಬೀಮಿಗೆ, ನೆಲದ ಬೆಂಕಿಗಾದರೂ ಒಂದು ಮೀಟರೂ ದಕ್ಕುವುದಿಲ್ಲ. 24 ಮೀಟರ್ ಅಗಲಕ್ಕೆ ಹನ್ನೆರಡಕ್ಕೂ ಹೆಚ್ಚು ಬೀಮ್ ಬೇಕಾಗುತ್ತಿತ್ತು. ಇನ್ನೊಂದು ಲೆಕ್ಕವೂ ನನ್ನನ್ನು ತಡೆಯಿತು. ಬೆಳಕು ಹೋಗುವಾಗಲೂ ಬರುವಾಗಲೂ ಹೊಗೆಯನ್ನು ಹಾಯುವುದರಿಂದ, 58 ಮೀಟರ್ ಕಿರಣದ ಉದ್ದಕ್ಕೂ ಹೊಗೆ ತುಂಬಿದ್ದರೆ ಮೀಟರಿಗೆ ಶೇಕಡಾ 0.37ರಷ್ಟು ಮಬ್ಬಿಗೇ ಬೀಮ್ ಕೂಗುತ್ತದೆ, ಆದರೆ ಹೊಗೆ ಆರು ಮೀಟರ್ ಅಗಲದ ಮೋಡವಾಗಿದ್ದರೆ ಮೀಟರಿಗೆ ಶೇಕಡಾ 3.5ರಷ್ಟು ದಟ್ಟವಾಗಬೇಕು.

ಹೀಗಾಗಿ ಗಾಳಿಯನ್ನು ಕೊಳವೆಯಿಂದ ಎಳೆದು ಪರೀಕ್ಷಿಸುವ ಆಸ್ಪಿರೇಟಿಂಗ್ ಡಿಟೆಕ್ಟರ್ ಆರಿಸಿದೆವು. ಹೊಗೆ ನಿಲ್ಲುವ ಎತ್ತರಕ್ಕೇ ಕೊಳವೆ ಒಯ್ಯಬಹುದು ಎಂಬುದೇ ಅದರ ಗುಣ. ಬೇಲ್ ರಾಶಿಗೂ ಗೋಡೆಗೂ ನಡುವೆ ಒಂದು ಮೀಟರ್ ಓಣಿ ಇದೆ, ಅಲ್ಲಿ ಎರಡೂ ಕಡೆ ಐದು ಮೀಟರ್ ಎತ್ತರದಲ್ಲಿ ಒಂದೊಂದು ಕೊಳವೆ, ನಡುವಿನ ಹಾದಿಯ ಮೇಲೆ ಫೋರ್ಕ್‌ಲಿಫ್ಟ್‌ಗೆ ತಾಗದಂತೆ ಏಳು ಮೀಟರಿನಲ್ಲಿ ತಂತಿಹಗ್ಗಕ್ಕೆ ತೂಗುಬಿಟ್ಟ ಮೂರನೆಯದು. ಪ್ರತಿ ಕೊಳವೆಗೆ ಆರು ಮೀಟರಿಗೊಂದರಂತೆ ಹತ್ತು ರಂಧ್ರ. ಒಂದೇ ರಂಧ್ರಕ್ಕೆ ಹೊಗೆ ಬಂದರೆ ಉಳಿದ ಇಪ್ಪತ್ತೊಂಬತ್ತರ ಶುದ್ಧ ಗಾಳಿ ಅದನ್ನು ತೆಳುವಾಗಿಸುತ್ತದೆ, ಆದ್ದರಿಂದ ಘಟಕದ ಅಲಾರಂ ಮೀಟರಿಗೆ ಶೇಕಡಾ 0.1ಕ್ಕೆ ಇದ್ದರೆ ಆ ಒಂದು ರಂಧ್ರದ ಬಳಿ ಸುಮಾರು 3 ಬೇಕು. ಹರಡಿದ ಪದರ ಐದು ರಂಧ್ರ ಮುಟ್ಟಿದರೆ 0.6 ಸಾಕು, ಮಧ್ಯಾಹ್ನದ ಹೊಗೆ ಹರಡುವುದೂ ಹಾಗೆಯೇ.

ಅತಿ ದೂರದ ರಂಧ್ರಕ್ಕೆ ಹೊಗೆ ಕೊಟ್ಟು ಗಡಿಯಾರ ನೋಡಿದಾಗ ಘಟಕಕ್ಕೆ ಮುಟ್ಟಲು 160 ಸೆಕೆಂಡು ಹಿಡಿಯಿತು. ನಾವು 120ರ ಒಳಗಿರಬೇಕಿತ್ತು, ವಿನ್ಯಾಸದ ಲೆಕ್ಕ 85 ಎಂದಿತ್ತು. ಹೊಗೆ ತಡವಾಗಿ, ತೆಳುವಾಗಿ ಬಂತು, ಅದೇ ವೇಳೆಗೆ ಗಾಳಿಯ ಹರಿವು ಲೆಕ್ಕಕ್ಕಿಂತ ಹೆಚ್ಚು ತೋರುತ್ತಿತ್ತು. ಈ ಎರಡೂ ಒಟ್ಟಿಗೆ ಕಂಡರೆ ಹತ್ತಿರದಲ್ಲೆಲ್ಲೋ ಸೋರಿಕೆ ಇದೆಯೆಂದೇ ತಿಳಿಯಬೇಕು. ಕಟ್ಟಿಕೊಂಡಿದ್ದರೆ ಹರಿವು ಇಳಿಯುತ್ತಿತ್ತು. ಹುಡುಕಿದರೆ ಘಟಕದ ಮೇಲಿನ ಮೊದಲ ತಿರುವಿನಲ್ಲೇ ಸಾಲ್ವೆಂಟ್ ಹಚ್ಚದೆ ಸುಮ್ಮನೆ ತೂರಿಸಿದ ಜಂಟಿ. ಅಂಟಿಸಿದ ಮೇಲೆ 94 ಸೆಕೆಂಡು ಬಂತು. ಮರುವರ್ಷದ ಬೇಸಿಗೆಯಲ್ಲಿ ಅದೇ ಬಿಸಿ ಕೊಳವೆಯನ್ನೂ ಬಿಡಲಿಲ್ಲ. 60 ಮೀಟರ್ ಸಿಪಿವಿಸಿ ಕೊಳವೆ 25 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ಸೆಂಟಿಮೀಟರ್ ಹಿಗ್ಗಿ ಒಂದು ಕಡೆ ಕ್ಲಿಪ್ಪಿನಿಂದ ಹಾರಿ ಜೋತುಬಿತ್ತು. ಈಗ ಕ್ಲಿಪ್‌ಗಳು ಕೊಳವೆ ಜಾರುವಷ್ಟು ಸಡಿಲವಾಗಿವೆ, ನಡುವೆ ಒಂದು ಹಿಗ್ಗುವ ಬಳಸು ಇದೆ.

ನಿರ್ವಹಣೆಯಲ್ಲಿ ಕಾಟ ಕೊಡುವುದು ಹತ್ತಿಯ ನವಿರು ಎಳೆಗಳೇ. ಹಂಗಾಮಿನಲ್ಲಿ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ಘಟಕವನ್ನು ಕೊಳವೆಯಿಂದ ಬೇರ್ಪಡಿಸಿ ಸಂಕುಚಿತ ಗಾಳಿಯನ್ನು ಹಿಮ್ಮುಖವಾಗಿ ಊದುತ್ತೇವೆ, ಘಟಕದ ಮುಂದಿರುವ ಸೋಸುಗವನ್ನು ಬದಲಿಸುತ್ತೇವೆ. ಘಟಕವನ್ನು ಬೇರ್ಪಡಿಸದೆ ಊದಿದರೆ ಒಳಗಿನ ಸೂಕ್ಷ್ಮ ಕೋಶಕ್ಕೆ ಧೂಳು ನುಗ್ಗುತ್ತದೆ.

ಮಿಲ್ಲಿನ ಎಲೆಕ್ಟ್ರಿಕಲ್ ಪ್ಯಾನೆಲ್ ಕೋಣೆಗೂ ಸಣ್ಣದೊಂದು ಆಸ್ಪಿರೇಟಿಂಗ್ ಘಟಕ ಹಾಕಿದೆವು. ಅಲ್ಲಿ ಚಾವಣಿಯ ಬಿಸಿಗಿಂತ ಎಸಿಯ ಗಾಳಿ ಮುಖ್ಯ, ಹೊಗೆ ಅದು ಒಯ್ದತ್ತ ಹೋಗುವುದರಿಂದ ರಂಧ್ರಗಳು ಎಸಿ ಗಾಳಿ ಹಿಂದಕ್ಕೆ ಎಳೆದುಕೊಳ್ಳುವ ಜಾಲರಿಯ ಮುಂದಿವೆ. ಘಟಕ ಹೊರಗಿನ ಓಣಿಯಲ್ಲಿದ್ದುದರಿಂದ ಎಸಿ ಶುರುವಾದಾಗಲೆಲ್ಲ ಹರಿವಿನ ದೋಷ ತೋರುತ್ತಿತ್ತು. ಅದು ಬಿಡುವ ಗಾಳಿಯನ್ನು ಇನ್ನೊಂದು ಕೊಳವೆಯಿಂದ ಅದೇ ಕೋಣೆಗೆ ಮರಳಿಸಿದ ಮೇಲೆ ಎರಡೂ ಕಡೆಯ ಒತ್ತಡ ಸಮನಾಗಿ ದೋಷ ನಿಂತಿತು.

ಗೋದಾಮಿನ ಬತ್ತಿ ಪರೀಕ್ಷೆಯನ್ನು ಮರುವರ್ಷವೂ ಮೇ ತಿಂಗಳಲ್ಲೇ ಮಾಡಿದೆವು, ಮಧ್ಯಾಹ್ನ ಮೂರಕ್ಕೊಮ್ಮೆ, ಬೆಳಗಿನ ಐದೂವರೆಗೊಮ್ಮೆ. ಮಧ್ಯಾಹ್ನ ಕೊಳವೆಯ ಮೊದಲ ಎಚ್ಚರಿಕೆ ಆರನೇ ನಿಮಿಷದಲ್ಲಿ ಬಂದಾಗ ಮೇಲಿನ ಬೀಮ್‌ಗಳ ಸಂಕೇತ ಎಂದಿನಂತೆ ನೂರರಲ್ಲೇ ಇತ್ತು.